ಬಣ್ಣ ಬಳಿದು ಮುಗಿಯದ ಕೆಲಸ: ಮಡಿಸಿದ ಮೊಣಕೈ ಏಕೆ ಕುಸಿಯುತ್ತದೆ?

ಬ್ಲೆಂಡರ್‌ನಲ್ಲಿ ರೂಪಿಸಿದ ಪಾತ್ರವೊಂದು ಕೈಚಾಚಿ ನಿಂತಿರುವಾಗ ಅದರ ದೋಷ ಕಾಣುವುದಿಲ್ಲ. ತೋಳು ದುಂಡಗಿರುತ್ತದೆ, ಕಾಲು ಗಟ್ಟಿಯಾಗಿರುತ್ತದೆ. ಆ ಪಾತ್ರ ಕೈ ಮಡಿಸಿ ತುತ್ತನ್ನು ಬಾಯಿಗಿಟ್ಟುಕೊಳ್ಳಲಿ ಅಥವಾ ನೆಲದ ಮೇಲೆ ಕೂರಲಿ, ಆಗ ನಿಜಸ್ಥಿತಿ ಬಯಲಾಗುತ್ತದೆ. ಗಿಡಕ್ಕೆ ನೀರು ಹಾಯಿಸುವ ರಬ್ಬರ್ ಪೈಪನ್ನು ಮಡಿಸಿದಂತೆ ಮೊಣಕೈ ಚಪ್ಪಟೆಯಾಗುತ್ತದೆ. ಮೂಳೆ ಎದ್ದು ಕಾಣಬೇಕಾದ ಜಾಗದಲ್ಲಿ ಹಳ್ಳ ಬೀಳುತ್ತದೆ. ಇದನ್ನು ಕಂಡ ಕಲಾವಿದ ಮಾಡುವ ಮೊದಲ ಕೆಲಸವೆಂದರೆ ವೇಟ್ ಪೇಂಟಿನ ಬ್ರಷ್ ಹಿಡಿಯುವುದು. ಇಲ್ಲಿ ಸ್ವಲ್ಪ ಕೆಂಪು, ಅಲ್ಲಿ ಸ್ವಲ್ಪ ಹಸಿರು ಎಂದು ತಾಸುಗಟ್ಟಲೆ ತಿದ್ದುತ್ತಾನೆ. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಡುತ್ತದೆ. ಕೊನೆಗೆ ತನ್ನ ಕೈಚಳಕವೇ ಸಾಲದೆಂದು ನಂಬಿಬಿಡುತ್ತಾನೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಮಡಿಸಿದ ಕೀಲಿನ ಕುಸಿತಕ್ಕೆ ಎರಡು ಬೇರೆ ಬೇರೆ ಮೂಲಗಳಿವೆ. ಒಂದು, ಬಣ್ಣ ತಪ್ಪಾಗಿ ಬಳಿದದ್ದು. ಇನ್ನೊಂದು, ಆ ಬಣ್ಣವನ್ನು ಚಲನೆಯಾಗಿ ಬದಲಿಸುವ ಲೆಕ್ಕಾಚಾರದ ಮಿತಿ. ಮೊದಲನೆಯದನ್ನು ಬ್ರಷ್ಷಿನಿಂದ ಪೂರ್ತಿ ಸರಿಪಡಿಸಬಹುದು. ಎರಡನೆಯದನ್ನು ಎಷ್ಟೇ ನುರಿತ ಕೈಯಾದರೂ ಬ್ರಷ್ಷಿನಿಂದ ಸರಿಪಡಿಸಲಾರದು. ಎರಡನ್ನೂ ಬೇರ್ಪಡಿಸಿ ನೋಡಲು ಕಲಿತರೆ ಕೆಲಸ ಅರ್ಧ ಮುಗಿದಂತೆ.

ಲೆಕ್ಕ ಹೇಗೆ ನಡೆಯುತ್ತದೆಂದು ಮೊದಲು ನೋಡೋಣ. ಪಾತ್ರದ ಚರ್ಮವೆಂದರೆ ಸಾವಿರಾರು ಬಿಂದುಗಳ ಬಲೆ. ಒಂದೊಂದು ಬಿಂದುವೂ ಒಂದು ವರ್ಟೆಕ್ಸ್. ಒಳಗಿರುವ ಮೂಳೆಗಳ ಪೈಕಿ ಯಾವ ಮೂಳೆಯ ಮಾತನ್ನು ಎಷ್ಟು ಕೇಳಬೇಕೆಂದು ಪ್ರತಿ ವರ್ಟೆಕ್ಸ್‌ಗೂ ಒಂದು ಸಂಖ್ಯೆ ಇರುತ್ತದೆ. ಅದೇ ವೇಟ್. ವೇಟ್ ಪೇಂಟ್ ಪರದೆಯಲ್ಲಿ ನೀಲಿ ಎಂದರೆ 0, ಹಸಿರು ಎಂದರೆ 0.5, ಕೆಂಪು ಎಂದರೆ 1. ಮೊಣಕೈಯ ನಡುವಿನ ಒಂದು ವರ್ಟೆಕ್ಸ್ ತೋಳಿನ ಮೂಳೆಗೆ 0.5, ಮುಂಗೈ ಮೂಳೆಗೆ 0.5 ಎಂದು ಹಂಚಿಕೊಂಡಿದೆ ಎನ್ನಿ. ಕೈ ಮಡಿಸಿದಾಗ ಬ್ಲೆಂಡರ್ ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ: ಈ ಬಿಂದು ಪೂರ್ತಿ ತೋಳಿಗೇ ಅಂಟಿಕೊಂಡಿದ್ದರೆ ಎಲ್ಲಿರುತ್ತಿತ್ತು? ಪೂರ್ತಿ ಮುಂಗೈಗೇ ಅಂಟಿಕೊಂಡಿದ್ದರೆ ಎಲ್ಲಿರುತ್ತಿತ್ತು? ಆ ಎರಡು ಜಾಗಗಳ ನಡುವೆ ನೇರ ಗೆರೆ ಎಳೆದು, ವೇಟ್‌ಗೆ ತಕ್ಕಂತೆ ಆ ಗೆರೆಯ ಮೇಲೊಂದು ಜಾಗದಲ್ಲಿ ಬಿಂದುವನ್ನು ಇಡುತ್ತದೆ. ಲೀನಿಯರ್ ಬ್ಲೆಂಡ್ ಸ್ಕಿನ್ನಿಂಗ್ ಎಂದು ಕರೆಯುವ ವಿಧಾನ ಇಷ್ಟೇ. ಇದರ ಬೇರು 1988ರಲ್ಲಿ ನಾದಿಯಾ ಮ್ಯಾಗ್ನೆನಾ-ಥಾಲ್ಮನ್ ಮತ್ತು ಸಂಗಡಿಗರು ಕೈಯ ಚಲನೆಯ ಬಗ್ಗೆ ಬರೆದ ಪ್ರಬಂಧದವರೆಗೂ ಹೋಗುತ್ತದೆ. ಸರಳ, ವೇಗ, ಹಾಗಾಗಿಯೇ ಇಂದಿಗೂ ಆಟಗಳ ಲೋಕದ ಮಾಮೂಲಿ ವಿಧಾನ.

ತೊಡಕಿರುವುದು ಆ ನೇರ ಗೆರೆಯಲ್ಲಿ. ಗೋಡೆ ಗಡಿಯಾರವನ್ನು ನೆನೆಯಿರಿ. ಒಂದೇ ಉದ್ದದ ಎರಡು ಮುಳ್ಳುಗಳು, ಒಂದು 12ರ ಮೇಲೆ, ಇನ್ನೊಂದು 4ರ ಮೇಲೆ. ನಡುವಿನ ಕೋನ 120 ಡಿಗ್ರಿ. ಎರಡೂ ತುದಿಗಳಿಗೆ ದಾರ ಕಟ್ಟಿ ಬಿಗಿಯಾಗಿ ಎಳೆದರೆ, ದಾರದ ಮಧ್ಯಬಿಂದು ಕೇಂದ್ರದಿಂದ ಎಷ್ಟು ದೂರದಲ್ಲಿರುತ್ತದೆ? ಮುಳ್ಳಿನ ಉದ್ದದ ಸರಿಯಾಗಿ ಅರ್ಧದಷ್ಟು. ಗಡಿಯಾರದ ಕೇಂದ್ರವೇ ಮೊಣಕೈ ಕೀಲು. ಮುಳ್ಳಿನ ಉದ್ದವೇ ಕೀಲಿನಿಂದ ಚರ್ಮಕ್ಕಿರುವ ದೂರ. ದಾರದ ಮಧ್ಯವೇ ಅರ್ಧ-ಅರ್ಧ ವೇಟ್ ಹಂಚಿಕೊಂಡ ವರ್ಟೆಕ್ಸ್. ಮುಳ್ಳುಗಳು 12 ಮತ್ತು 3ರಲ್ಲಿದ್ದರೆ, ಅಂದರೆ ಕೋನ 90 ಡಿಗ್ರಿಯಾದರೆ, ಉಳಿಯುವುದು ಶೇ 71. ಎರಡೂ ಎದುರುಬದುರಾಗಿ 12 ಮತ್ತು 6ಕ್ಕೆ ಬಂದರೆ ದಾರ ಕೇಂದ್ರದ ಮೇಲೆಯೇ ಹಾದುಹೋಗುತ್ತದೆ, ಉಳಿಯುವುದು ಸೊನ್ನೆ. ಸೂತ್ರ ಬೇಕಿದ್ದವರಿಗೆ ಹೇಳುವುದಾದರೆ ಉಳಿಯುವ ದೂರ `r × cos(θ/2)`. ಬಣ್ಣ ಎಷ್ಟೇ ನಯವಾಗಿ ಬಳಿದಿರಲಿ, ಈ ಎರಡೇ ಮೂಳೆಗಳಿರುವವರೆಗೆ ವರ್ಟೆಕ್ಸ್ ಆ ದಾರ ಬಿಟ್ಟು ಆಚೆ ಹೋಗಲಾರದು. ದಾರದ ಮೇಲೆ ಅತ್ತಿತ್ತ ಜಾರಿಸುವುದಷ್ಟೇ ಬ್ರಷ್ಷಿನ ಅಧಿಕಾರ.

ಹಾಗಾದರೆ ಪೇಂಟಿಂಗ್ ವ್ಯರ್ಥವೇ? ಅಲ್ಲ. ಹೆಚ್ಚಿನ ಮೊಣಕೈಗಳು ಈ ಸಹಜ ಮಿತಿಗಿಂತ ತುಂಬ ಕೆಟ್ಟದಾಗಿ ಕುಸಿದಿರುತ್ತವೆ. ಆ ಹೆಚ್ಚುವರಿ ಹಾನಿಯೆಲ್ಲ ಬಣ್ಣದ್ದೇ. ಅದರಲ್ಲಿ ಮೊದಲ ತಪ್ಪು ಕಣ್ಣಿಗೆ ಮೋಸ ಮಾಡುವಂಥದ್ದು. ಒಂದು ವರ್ಟೆಕ್ಸ್‌ಗೆ ತೋಳಿನಿಂದ 0.2, ಮುಂಗೈಯಿಂದ 0.2 ಸಿಕ್ಕಿದೆ ಎಂದುಕೊಳ್ಳಿ. ಪರದೆಯಲ್ಲಿ ಎರಡೂ ಮೂಳೆಗಳಿಗೆ ಅದು ನೀಲಿಯಾಗಿಯೇ ಕಾಣುತ್ತದೆ. ಯಾವುದರ ಪ್ರಭಾವವೂ ಹೆಚ್ಚಿಲ್ಲ ಎಂದು ಕಣ್ಣು ಹೇಳುತ್ತದೆ. ಆದರೆ ಬ್ಲೆಂಡರ್ ವಿರೂಪಗೊಳಿಸುವಾಗ ಮೊತ್ತದಿಂದ ಭಾಗಿಸಿಯೇ ಲೆಕ್ಕ ಹಾಕುತ್ತದೆ. 0.2ಕ್ಕೆ 0.2 ಎಂದರೆ ಅರ್ಧಕ್ಕೆ ಅರ್ಧ. ವರ್ಟೆಕ್ಸ್ ನೇರವಾಗಿ ದಾರದ ಮಧ್ಯಕ್ಕೆ, ಅತಿ ಹೆಚ್ಚು ಕುಸಿಯುವ ಜಾಗಕ್ಕೆ, ಹೋಗಿ ಕೂರುತ್ತದೆ. ಹಾಗೆಯೇ ಮುಂಗೈಗೆ ಮಾತ್ರ 0.3 ಇದ್ದು ಬೇರೇನೂ ಇಲ್ಲದ ವರ್ಟೆಕ್ಸ್ ಮುಂಗೈಯ ಪೂರ್ತಿ ಗುಲಾಮ. ಕಾಣುವ ಬಣ್ಣ ಒಂದು, ನಡೆಯುವ ಲೆಕ್ಕ ಇನ್ನೊಂದು. ಇಂಥ ಸ್ಥಿತಿಯಲ್ಲಿ ಬ್ರಷ್ ಆಡಿಸಿದರೆ ಫಲಿತಾಂಶ ಊಹಿಸಲಾಗದಂತೆ ಜಿಗಿಯುತ್ತದೆ. ಹಾಗಾಗಿ ಬ್ರಷ್ ಮುಟ್ಟುವ ಮುನ್ನ `Weights` ಮೆನುವಿನ `Normalize All` ಒಮ್ಮೆ ನಡೆಸಿ, ಆಮೇಲೆ `Auto Normalize` ಅನ್ನು ಸದಾ ಚಾಲನೆಯಲ್ಲಿಡಬೇಕು. ಮೊತ್ತ 1 ಆಗದ ವರ್ಟೆಕ್ಸ್‌ಗಳನ್ನು ಹುಡುಕಲು ಈ ಪುಟ್ಟ ಸ್ಕ್ರಿಪ್ಟ್ ಸಾಕು. ಮೊದಲು ಎಡಿಟ್ ಮೋಡ್‌ನಲ್ಲಿ ಎಲ್ಲ ಆಯ್ಕೆಯನ್ನೂ ತೆಗೆದು, ಆಬ್ಜೆಕ್ಟ್ ಮೋಡ್‌ಗೆ ಬಂದು ನಡೆಸಿ:

```python
import bpy
ob = bpy.context.object
for v in ob.data.vertices:
    s = sum(g.weight for g in v.groups)
    v.select = abs(s - 1.0) > 0.01
```

ಮತ್ತೆ ಎಡಿಟ್ ಮೋಡ್‌ಗೆ ಹೋಗಿ ವರ್ಟೆಕ್ಸ್ ಆಯ್ಕೆಯಲ್ಲಿ ನೋಡಿದರೆ ತಪ್ಪಿತಸ್ಥರು ಬೆಳಗುತ್ತಿರುತ್ತಾರೆ. ಮೂಳೆಗೆ ಸಂಬಂಧವಿಲ್ಲದ ಬೇರೆ ವರ್ಟೆಕ್ಸ್ ಗ್ರೂಪ್‌ಗಳಿದ್ದರೆ ಅವೂ ಈ ಮೊತ್ತದಲ್ಲಿ ಸೇರಿಬಿಡುತ್ತವೆ ಎಂಬುದನ್ನು ಮಾತ್ರ ಮರೆಯಬಾರದು.

ಎರಡನೆಯ ತಪ್ಪು ಬೇರೆ ಮೂಳೆಯ ಕಳ್ಳ ಪ್ರಭಾವ. `With Automatic Weights` ಆಯ್ಕೆ ಮೂಳೆಯಿಂದ ಶಾಖ ಹರಡಿದಂತೆ ವೇಟ್ ಹಂಚುತ್ತದೆ. ಪಾತ್ರದ ಕೈಗಳು ಮೈಗೆ ಹತ್ತಿರವಿದ್ದರೆ, ಅಥವಾ ದೂರದ ಜಾಗಕ್ಕೆ ಬಳಿಯುವಾಗ ಬ್ರಷ್ ಹಿಂದಿನ ಪದರಕ್ಕೂ ತಾಗಿದ್ದರೆ, ಮೊಣಕೈಯ ಕೆಲವು ವರ್ಟೆಕ್ಸ್‌ಗಳಿಗೆ ಬೆನ್ನುಮೂಳೆಯ ಪಾಲು ಅಂಟಿಕೊಂಡಿರುತ್ತದೆ. 0.1 ಎಂದರೆ ಎಷ್ಟು ಮಹಾ ಎನಿಸಬಹುದು. ಸರಿಯಾದ ವೇಟ್‌ಗಳ ಮೊತ್ತ 1 ಇದ್ದು ಅದರ ಮೇಲೆ ಈ 0.1 ಸೇರಿದರೆ, ಭಾಗಿಸಿದ ಮೇಲೆ ಅದರ ಪಾಲು ಸುಮಾರು ಶೇ 9. ಕೈ ಎತ್ತಿದಾಗ ಮೊಣಕೈ 30 ಸೆಂ.ಮೀ. ಚಲಿಸಬೇಕಿದ್ದರೆ ಆ ವರ್ಟೆಕ್ಸ್ 2.7 ಸೆಂ.ಮೀ. ಹಿಂದೆ ಉಳಿಯುತ್ತದೆ. ಇದನ್ನು ಪತ್ತೆಹಚ್ಚುವ ಬಗೆ ಸುಲಭ. ಮೊಣಕೈಯನ್ನು ನೇರವಾಗಿಯೇ ಇಟ್ಟು ಭುಜವನ್ನಷ್ಟೇ ಎತ್ತಬೇಕು. ಕೀಲು ಮಡಿಸದೆಯೂ ಚರ್ಮ ಎಳೆದುಕೊಂಡರೆ ದೋಷ ಮೊಣಕೈಯದ್ದಲ್ಲ, ಹೊರಗಿನ ಮೂಳೆಯದ್ದು. ಆ ವರ್ಟೆಕ್ಸ್ ಆರಿಸಿ `N` ಒತ್ತಿದರೆ ಬರುವ `Vertex Weights` ಪಟ್ಟಿಯಲ್ಲಿ ಯಾರ ಹೆಸರಿದೆಯೆಂದು ಓದಿ, ಇರಬಾರದ ಹೆಸರನ್ನು ತೆಗೆದುಹಾಕಬೇಕು. ಇಲ್ಲಿ ನಯಗೊಳಿಸುವ ಬ್ರಷ್ ಬಳಸುವುದು ದೊಡ್ಡ ತಪ್ಪು. ಕೊಳೆಯನ್ನು ಒರೆಸುವ ಬದಲು ನೆಲಕ್ಕೆಲ್ಲ ಸವರಿದಂತೆ ಆ ಕಳ್ಳ ಪಾಲು ಅಕ್ಕಪಕ್ಕಕ್ಕೂ ಹರಡುತ್ತದೆ.

ಮೂರನೆಯದು ಅಗಲದ ತಪ್ಪು. ತೋಳಿನಿಂದ ಮುಂಗೈಗೆ ಅಧಿಕಾರ ಕೈಬದಲಾಗುವ ಪಟ್ಟಿ ಎಷ್ಟು ಅಗಲವಿರಬೇಕು? ಒಂದು ಉದಾಹರಣೆಯನ್ನೇ ಕೊನೆಯವರೆಗೆ ಹಿಡಿದು ನಡೆಯೋಣ. ಮೊಣಕೈ ಬಳಿ 8 ಸೆಂ.ಮೀ. ದಪ್ಪದ ಕೈ, ಕೀಲು ಸರಿಯಾಗಿ ನಡುವೆ, ಅಂದರೆ ಹೊರಚರ್ಮಕ್ಕೂ ಒಳಚರ್ಮಕ್ಕೂ 4 ಸೆಂ.ಮೀ. ದೂರ, ಕೀಲಿನ ಮೇಲೊಂದು, ಅದರ ಎರಡೂ ಬದಿಗೆ 2 ಸೆಂ.ಮೀ. ಅಂತರದಲ್ಲಿ ಒಂದೊಂದು, ಹೀಗೆ ಮೂರು ಎಡ್ಜ್ ಲೂಪ್. ಕೈಯನ್ನು 120 ಡಿಗ್ರಿ ಮಡಿಸುತ್ತೇವೆ. ಕೀಲಿನಿಂದ 6 ಸೆಂ.ಮೀ. ಮೇಲೆ, ಪೂರ್ತಿ ತೋಳಿಗೇ ಸೇರಬೇಕಾದ ಹೊರಬದಿಯ ವರ್ಟೆಕ್ಸ್‌ನಲ್ಲಿ ಮುಂಗೈಯ ಪಾಲು ಬರೀ 0.15 ಉಳಿದಿದ್ದರೂ ಅದು ಸುಮಾರು 1.9 ಸೆಂ.ಮೀ. ಜಾಗ ಬದಲಿಸುತ್ತದೆ. ರಬ್ಬರ್ ಪೈಪಿನಂತೆ ಕಾಣುವ ತೋಳಿಗೆ ಕಾರಣ ಇದು: ಮಡಿಕೆ ಕೀಲಿನಲ್ಲಿ ಆಗದೆ ತೋಳಿನುದ್ದಕ್ಕೂ ಹಂಚಿಹೋಗಿರುತ್ತದೆ. ಹೊರಬದಿಯಲ್ಲಿ ಈ ಪಟ್ಟಿಯನ್ನು ಕೀಲಿನ ಆಚೀಚೆ ಎರಡೆರಡು ಸೆಂಟಿಮೀಟರಿಗೆ ಕುಗ್ಗಿಸಿ, ಅದರಾಚೆ ಒಂದು ಕಡೆ ಪೂರ್ತಿ ಕೆಂಪು, ಇನ್ನೊಂದು ಕಡೆ ಪೂರ್ತಿ ನೀಲಿ ಮಾಡಿದರೆ ಈ ಭಾಗ ಸರಿಹೋಗುತ್ತದೆ.

ಒಳಬದಿಯಲ್ಲಿ, ಅಂದರೆ ಮಡಿಕೆ ಬೀಳುವ ಕಡೆ, ಇದರ ತಿರುವುಮುರುವು ಬೇಕು. ಅಲ್ಲಿಯೂ ಪಟ್ಟಿ ಕಿರಿದಾದರೆ ತೋಳಿನ ಚರ್ಮ ಮುಂಗೈಯೊಳಗೆ ನುಗ್ಗುತ್ತದೆ. ನಮ್ಮ ಉದಾಹರಣೆಯಲ್ಲಿ ಕೀಲಿನಿಂದ 2 ಸೆಂ.ಮೀ. ದೂರದ ಒಳಬಿಂದುವಿಗೆ ಎದುರು ಮೂಳೆಯ ಪಾಲು 0.35ರಷ್ಟು ಇದ್ದರೆ ಮಾತ್ರ ಅದು ತನ್ನ ಗಡಿಯಲ್ಲೇ ನಿಲ್ಲುತ್ತದೆ. ಸರಾಸರಿಯ ಲೆಕ್ಕ ಹೊರಗೆ ಹಳ್ಳ ತೋಡುತ್ತದೆ ನಿಜ, ಆದರೆ ಒಳಗೆ ಅದೇ ಹಳ್ಳ ನಮಗೆ ಬೇಕಾದ ಮಡಿಕೆ. ಬಣ್ಣವನ್ನು ಕೈಯ ಸುತ್ತ ಬಳೆಯಂತೆ ಒಂದೇ ಅಗಲಕ್ಕೆ ಬಳಿಯುವುದೇ ಬಹುತೇಕ ಮೊಣಕೈಗಳು ಕೆಡಲು ಕಾರಣ. ಹೊರಗೆ ಕಿರಿದು, ಒಳಗೆ ಅಗಲ: ಬಳೆಯಲ್ಲ, ಬೀಸಣಿಗೆ.

ಇಷ್ಟಾದ ಮೇಲೆ ಬಣ್ಣದ ದೋಷ ಮುಗಿಯಿತು. ಆದರೂ 120 ಡಿಗ್ರಿಯಲ್ಲಿ ಮೊಣಕೈ ತುದಿ 4 ಸೆಂ.ಮೀ.ನಿಂದ 2ಕ್ಕೆ ಇಳಿದೇ ಇರುತ್ತದೆ, ಏಕೆಂದರೆ ಅದು ದಾರದ ಮಧ್ಯದಲ್ಲಿದೆ. ಈಗ ಕೀಲಿನ ಜಾಗ ಪರೀಕ್ಷಿಸಬೇಕು. ನಮ್ಮ ಸ್ವಂತ ಕೈ ಮುಟ್ಟಿ ನೋಡಿದರೂ ತಿಳಿಯುತ್ತದೆ: ಮೊಣಕೈಯ ಹಿಂದೆ ಮೂಳೆಯ ಮೇಲೆ ತೆಳ್ಳನೆಯ ಚರ್ಮ, ಮುಂದೆ ದಪ್ಪ ಮಾಂಸ. ರಿಗ್‌ನ ಕೀಲನ್ನು ಹೊರಬದಿಗೆ 1.5 ಸೆಂ.ಮೀ. ಸರಿಸಿದರೆ ಹೊರಚರ್ಮಕ್ಕೆ 2.5 ಸೆಂ.ಮೀ., ಒಳಚರ್ಮಕ್ಕೆ 5.5 ಸೆಂ.ಮೀ. ಉಳಿಯುತ್ತದೆ. ಆಗ ಅರ್ಧಕ್ಕರ್ಧ ಕುಸಿದರೂ ಕಳೆದುಕೊಳ್ಳುವುದು 2 ಸೆಂ.ಮೀ. ಅಲ್ಲ, 1.25 ಮಾತ್ರ. ಒಳಬದಿ ದೂರವಾದ್ದರಿಂದ ಅಲ್ಲಿನ ಎದುರು ಮೂಳೆಯ ಪಾಲನ್ನು 2 ಸೆಂ.ಮೀ.ನಲ್ಲಿ 0.4ಕ್ಕೂ 4 ಸೆಂ.ಮೀ.ನಲ್ಲಿ 0.3ಕ್ಕೂ ಏರಿಸಬೇಕಾಗುತ್ತದೆ. ಬಣ್ಣ ಬಳಿಯುವ ಮುನ್ನವೇ ಕೀಲು ಕೂರಿಸಬೇಕು ಎನ್ನುವುದು ಇದಕ್ಕೇ. ಕೀಲು ಸರಿದರೆ ಬಳಿದ ಪಟ್ಟಿಯೂ ತಪ್ಪು ಜಾಗಕ್ಕೆ ಬೀಳುತ್ತದೆ.

ಇಲ್ಲಿ ಅನುಭವಿ ಪೇಂಟರ್‌ಗಳ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿ ಆಕ್ಷೇಪವೇ. ಮೊಣಕೈಯ ಮೊನೆಯಾಗಿ ನಮಗೆ ಕಾಣುವ ಎಲುಬು ಮುಂಗೈಯ ಮೂಳೆಯದೇ ಭಾಗ; ಹಾಗಿದ್ದಮೇಲೆ ತುದಿಯನ್ನು ಅರ್ಧಕ್ಕರ್ಧ ಏಕೆ ಹಂಚಬೇಕು, ಮುಂಗೈಗೇ 0.9 ಕೊಟ್ಟರೆ ಮುಗಿಯಿತಲ್ಲ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿದರೆ ತುದಿ ನಿಜಕ್ಕೂ ಉಳಿಯುತ್ತದೆ: 2.5ರಲ್ಲಿ ಸುಮಾರು 2.1 ಸೆಂ.ಮೀ. ದೂರದಲ್ಲಿ ನಿಲ್ಲುತ್ತದೆ. ಆದರೆ ಆ ತುದಿಯಿಂದ ಮೇಲಿನ ಲೂಪಿಗೆ ಹೋಗುವ ಚರ್ಮ ಏನಾಯಿತೆಂದು ನೋಡಬೇಕು. 2 ಸೆಂ.ಮೀ. ಇದ್ದ ಆ ಅಂಚು 5.2 ಸೆಂ.ಮೀ.ಗೆ ಹಿಗ್ಗಿ, ಬಿಗಿದ ತಮಟೆಯ ಚರ್ಮದಂತೆ ಚಪ್ಪಟೆಯಾಗಿ, ಕೀಲಿನ ಕೇಂದ್ರದಿಂದ ಬರೀ 6 ಮಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಕುಸಿತ ಹೋಗಲಿಲ್ಲ, ಮನೆ ಬದಲಿಸಿತು. ತುದಿಯಲ್ಲಿದ್ದ ಹಳ್ಳ ತುದಿಯ ಮೇಲ್ಗಡೆಗೆ ಸರಿಯಿತು. ಗಂಟೆಗಟ್ಟಲೆ ಬಳಿದರೂ ದೋಷ ಒಂದೆಡೆಯಿಂದ ಇನ್ನೊಂದೆಡೆಗೆ ಓಡಾಡುತ್ತಲೇ ಇರುವುದರ ಗುಟ್ಟು ಇದು. 90 ಡಿಗ್ರಿಗಿಂತ ಹೆಚ್ಚು ಮಡಿಸದ ಪಾತ್ರಕ್ಕೆ, ಅಥವಾ ಬಟ್ಟೆಯೊಳಗೆ ಮರೆಯಾಗುವ ಕೈಗೆ ಈ 0.9ರ ಉಪಾಯ ಧಾರಾಳವಾಗಿ ಸಾಕು. ಕ್ಯಾಮೆರಾದ ಎದುರು ಕೈ ಪೂರ್ತಿ ಮಡಿಸುವ ಪಾತ್ರಕ್ಕೆ ಸಾಲದು.

ಸಾಲದಿದ್ದಾಗ ಏನು ಮಾಡಬೇಕೆಂಬುದನ್ನು ಗಡಿಯಾರವೇ ಹೇಳುತ್ತದೆ. 12ಕ್ಕೂ 4ಕ್ಕೂ ನಡುವೆ, 2ರ ಮೇಲೆ, ಅಷ್ಟೇ ಉದ್ದದ ಮೂರನೆಯ ಮುಳ್ಳೊಂದನ್ನು ಇಡಿ. ಈಗ ದಾರ 12ರಿಂದ 2ಕ್ಕೆ, 2ರಿಂದ 4ಕ್ಕೆ ಹೋಗುತ್ತದೆ. ತುದಿ 2ರ ಮುಳ್ಳಿನ ಮೇಲೆ ಕೂತು ತನ್ನ ದೂರವನ್ನು ಪೂರ್ತಿ ಉಳಿಸಿಕೊಳ್ಳುತ್ತದೆ. ಎರಡು ದಾರಗಳ ಮಧ್ಯದಲ್ಲಿ ಕೂಡ ಶೇ 50 ಅಲ್ಲ, ಶೇ 87ರಷ್ಟು ಉಳಿಯುತ್ತದೆ. ರಿಗ್‌ನ ಭಾಷೆಯಲ್ಲಿ ಆ ಮೂರನೆಯ ಮುಳ್ಳೆಂದರೆ, ಮುಂಗೈ ಎಷ್ಟು ಮಡಿಯುತ್ತದೋ ಅದರ ಅರ್ಧದಷ್ಟೇ ತಿರುಗುವ ಒಂದು ಸಹಾಯಕ ಮೂಳೆ. ನಮ್ಮ ಉದಾಹರಣೆಯಲ್ಲಿ ತುದಿ ಪೂರ್ತಿ 2.5 ಸೆಂ.ಮೀ.ನಲ್ಲೇ ನಿಲ್ಲುತ್ತದೆ, ಅದರ ಎರಡೂ ಬದಿಯ ಚರ್ಮ ಸಮನಾಗಿ, ಸುಮಾರು 4.3 ಸೆಂ.ಮೀ.ಗೆ ಹಿಗ್ಗುತ್ತದೆ, ಕೇಂದ್ರಕ್ಕೆ ಅತಿ ಹತ್ತಿರದ ಜಾಗವೂ 1.8 ಸೆಂ.ಮೀ. ದೂರ ಉಳಿಯುತ್ತದೆ. 6 ಮಿ.ಮೀ. ಎಲ್ಲಿ, 18 ಮಿ.ಮೀ. ಎಲ್ಲಿ! ಬ್ರಷ್ಷಿನ ಯಾವ ಕುಶಲತೆಯೂ ಕೊಡಲಾಗದ್ದನ್ನು ಒಂದು ಮೂಳೆ ಕೊಟ್ಟಿತು, ಏಕೆಂದರೆ ಅದು ದಾರವನ್ನೇ ಬದಲಿಸಿತು.

ಇದನ್ನು ಕಟ್ಟುವುದು ಹತ್ತು ನಿಮಿಷದ ಕೆಲಸ. ಆರ್ಮೇಚರ್‌ನ ಎಡಿಟ್ ಮೋಡ್‌ನಲ್ಲಿ ಮುಂಗೈ ಮೂಳೆ `forearm.L` ಅನ್ನು ಅದೇ ಜಾಗದಲ್ಲಿ ನಕಲು ಮಾಡಿ, `elbow_half.L` ಎಂದು ಹೆಸರಿಟ್ಟು, ಉದ್ದವನ್ನು ಮಾತ್ರ ಕಾಲುಭಾಗಕ್ಕೆ ಇಳಿಸಬೇಕು. ದಿಕ್ಕು, `Roll` ಎರಡೂ ಮೂಲದಂತೆಯೇ ಇರಬೇಕು. ಇವು ಬದಲಾದರೆ ಅರ್ಧ ತಿರುಗುವ ಬದಲು ಮೂಳೆ ಓರೆಯಾಗಿ ಹೊರಳುತ್ತದೆ. ಅದರ ಪೇರೆಂಟ್ ತೋಳಿನ ಮೂಳೆ `upper_arm.L` ಆಗಿರಬೇಕು. ನಕಲಿನ ಜೊತೆ ಮುಂಗೈಯ ಹಳೆಯ ಕನ್‌ಸ್ಟ್ರೇಂಟ್‌ಗಳೂ ಬಂದಿದ್ದರೆ ಅಳಿಸಬೇಕು. ಐಕೆ ಉಳಿದುಹೋದರೆ ಇಡೀ ಕೈ ನಡುಗುತ್ತದೆ. ಆಮೇಲೆ ಪೋಸ್ ಮೋಡ್‌ನಲ್ಲಿ ಅದಕ್ಕೆ `Copy Rotation` ಕೊಟ್ಟು, ಟಾರ್ಗೆಟ್ ಆಗಿ `forearm.L` ಆರಿಸಿ, ಎರಡೂ ಕಡೆ `Local Space` ಇಟ್ಟು, `Influence` ಅನ್ನು 0.5 ಮಾಡಬೇಕು. `Deform` ಗುರುತು ಇರಲೇಬೇಕು. ಮೆಶ್‌ನಲ್ಲಿ ಅದೇ ಹೆಸರಿನ ವರ್ಟೆಕ್ಸ್ ಗ್ರೂಪ್ ಮಾಡಿ, ಹೊರಬದಿಯ ಮಧ್ಯ ಲೂಪಿನ ತುದಿಗೆ 1, ಅಕ್ಕಪಕ್ಕದ ಲೂಪುಗಳಿಗೆ 0.2ರ ಆಸುಪಾಸು ಕೊಟ್ಟು, ಕೈಯ ಒಳಬದಿಗೆ ಬರುತ್ತ ಸೊನ್ನೆಗೆ ಇಳಿಸಬೇಕು. ಒಳಬದಿಗೆ ಈ ಮೂಳೆ ಬೇಡ. ಅಲ್ಲಿ ನಮಗೆ ಹಳ್ಳವೇ ಬೇಕು ಎಂಬುದನ್ನು ಆಗಲೇ ಕಂಡಿದ್ದೇವೆ.

ಮಂಡಿಗೂ ಇದೇ ಲೆಕ್ಕ, ಆದರೆ ಇದೇ ಅಳತೆಯಲ್ಲ. ಮೊಣಕೈಯ ಮೊನೆ ಮುಂಗೈ ಮೂಳೆಗೇ ಅಂಟಿಕೊಂಡಿದ್ದರೆ ಮಂಡಿಚಿಪ್ಪು ಬಿಡಿ ಎಲುಬು. ಕೆಳಗೆ ಕಣಕಾಲಿನ ಮೂಳೆಗೆ ಗಟ್ಟಿ ನಾರಿನಿಂದ ಕಟ್ಟಿಕೊಂಡು, ತೊಡೆಮೂಳೆಯ ತುದಿಯ ತೋಡಿನಲ್ಲಿ ಜಾರುತ್ತದೆ. ಹೀಗಾಗಿ ಮಡಿಸಿದ ಮಂಡಿ ಮೊಣಕೈಯಂತೆ ಚೂಪಾಗದೆ ಅಗಲವಾಗಿ, ದುಂಡಗೆ ಕಾಣುತ್ತದೆ. ಅರ್ಧ ತಿರುಗುವ ಮೂಳೆ ಇಲ್ಲಿ ಇನ್ನೂ ಸಹಜವಾಗಿ ಒಪ್ಪುತ್ತದೆ. ಕೀಲನ್ನು ಮೊಣಕೈಯಷ್ಟು ಹೊರಕ್ಕೆ ತಳ್ಳದೆ ಬಹುಮಟ್ಟಿಗೆ ನಡುವೆಯೇ ಇಟ್ಟು, ಚಿಪ್ಪಿನ ಇಡೀ ಅಗಲವನ್ನು ಆ ಮೂಳೆಗೆ ಒಪ್ಪಿಸಬೇಕು; ಒಂದೇ ಲೂಪಿಗೆ ಒಪ್ಪಿಸಿದರೆ ಮಂಡಿ ಮೊಣಕೈಯಂತೆ ಮೊನಚಾಗುತ್ತದೆ. ನಮ್ಮ ಕಥೆಗಳ ಪಾತ್ರಗಳು ಚಕ್ಕಳಮಕ್ಕಳ ಹಾಕಿ ಕೂರುತ್ತವೆ, ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುತ್ತವೆ, ಯಕ್ಷಗಾನದ ವೇಷವಾದರೆ ಮಂಡಿಯೂರಿ ತಿರುಗುತ್ತದೆ. ಆಗ ಕೋನ 150 ಡಿಗ್ರಿ ಮುಟ್ಟಿದರೆ ಬರೀ ಎರಡು ಮೂಳೆಯ ಲೆಕ್ಕದಲ್ಲಿ ಉಳಿಯುವುದು ಶೇ 26 ಮಾತ್ರ. ನಡೆಯುವ, ಓಡುವ ಪಾತ್ರಕ್ಕೆಂದು ಪರೀಕ್ಷಿಸಿದ ರಿಗ್ ನೆಲದ ಮೇಲೆ ಕೂರಿಸಿದೊಡನೆ ಸೋಲುವುದು ಇದರಿಂದಲೇ. ಪಾತ್ರ ಯಾವ ಭಂಗಿಯವರೆಗೆ ಹೋಗಬೇಕೆಂದು ಮೊದಲೇ ನಿರ್ಧರಿಸಿ, ಅದೇ ಭಂಗಿಯಲ್ಲಿ ಪರೀಕ್ಷಿಸಬೇಕು.

ಇಷ್ಟೆಲ್ಲ ಏಕೆ, ಆರ್ಮೇಚರ್ ಮಾಡಿಫೈಯರ್‌ನಲ್ಲಿ `Preserve Volume` ಎಂಬ ಗುರುತಿದೆಯಲ್ಲ, ಒಂದು ಕ್ಲಿಕ್‌ನಲ್ಲಿ ಮುಗಿಯುತ್ತದೆ ಎನ್ನುವವರಿದ್ದಾರೆ. ಆ ಗುರುತಿನ ಹಿಂದಿರುವುದು ಡ್ಯುಯಲ್ ಕ್ವಾಟರ್ನಿಯನ್ ವಿಧಾನ. ಲಾಡಿಸ್ಲಾವ್ ಕಾವನ್ ಮತ್ತು ಸಂಗಡಿಗರು 2007ರಲ್ಲಿ ಮಂಡಿಸಿದ್ದು. ಇದು ನೇರ ದಾರದ ಬದಲು ಕಮಾನಿನ ಮೇಲೆ ಬಿಂದುವನ್ನು ನಡೆಸುತ್ತದೆ, ಆದ್ದರಿಂದ ದೂರ ಕಳೆದುಹೋಗುವುದಿಲ್ಲ. ಹಿಂಡಿದ ಬಟ್ಟೆಯಂತೆ ಮಣಿಕಟ್ಟು ತಿರುಚಿಕೊಳ್ಳುವ ದೋಷಕ್ಕೆ ಇದು ಒಳ್ಳೆಯ ಮದ್ದು. ಆದರೆ ಮಡಿಸುವ ಕೀಲಿನಲ್ಲಿ ಇದಕ್ಕೆ ಎರಡು ತೊಂದರೆ. ಒಂದು, ಇದು ಒಳಬದಿಯನ್ನೂ ಹೊರಬದಿಯನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ: ಕುಸಿಯಬೇಕಾದ ಒಳಮಡಿಕೆಯನ್ನೂ ಉಬ್ಬಿಸಿಬಿಡುತ್ತದೆ, ಕೀಲಿನ ಸುತ್ತ ಚೆಂಡು ನುಂಗಿದಂಥ ಊತ ಬರುತ್ತದೆ. ಎರಡು, ಪಾತ್ರವನ್ನು ಜಿಎಲ್‌ಟಿಎಫ್ ಕಡತವಾಗಿ ಆಟಕ್ಕೆ ಕಳಿಸಿದರೆ ಅಲ್ಲಿ ನಡೆಯುವುದು ಲೀನಿಯರ್ ಲೆಕ್ಕವೇ. ಬ್ಲೆಂಡರ್‌ನಲ್ಲಿ ಕಂಡ ದುಂಡು ಮೊಣಕೈ ಅಲ್ಲಿ ಮತ್ತೆ ಪೈಪಾಗುತ್ತದೆ. ಆಟಕ್ಕೆಂದು ಮಾಡುವವರು ಬಣ್ಣ ಬಳಿಯುವಾಗಲೂ ಈ ಗುರುತನ್ನು ತೆಗೆದೇ ಇಡಬೇಕು, ಇಲ್ಲದಿದ್ದರೆ ಸುಳ್ಳು ಕನ್ನಡಿಯ ಮುಂದೆ ಅಲಂಕಾರ ಮಾಡಿಕೊಂಡಂತಾಗುತ್ತದೆ.

ಇನ್ನೊಂದು ವಾದ ಶೇಪ್ ಕೀಗಳದ್ದು. ಕೈ ಮಡಿಸಿದ ಭಂಗಿಯಲ್ಲಿ ಮೊಣಕೈಯನ್ನು ಕೈಯಾರೆ ತಿದ್ದಿ, ಆ ತಿದ್ದುಪಡಿಯನ್ನು ಕೋನಕ್ಕೆ ತಕ್ಕಂತೆ ಡ್ರೈವರ್‌ನಿಂದ ಚಾಲೂ ಮಾಡುವುದು. 2000ರಲ್ಲಿ ಜೆ.ಪಿ. ಲೂಯಿಸ್ ಮತ್ತು ಜೊತೆಗಾರರು ಭಂಗಿಗೆ ತಕ್ಕ ತಿದ್ದುಪಡಿಯ ವಿಧಾನವನ್ನು ಮಂಡಿಸಿದಾಗಿನಿಂದ ಇದು ಒಪ್ಪಿತ ಮಾರ್ಗ. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಸರದಿಯ ಬಗ್ಗೆ. ತಪ್ಪು ವೇಟ್‌ಗಳ ಮೇಲೆ ಶೇಪ್ ಕೀ ಕೆತ್ತಿದರೆ ಅದು 120 ಡಿಗ್ರಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ತಿದ್ದುಪಡಿ ಕೋನದ ಜೊತೆ ಸಮನಾಗಿ ಏರುವಾಗ ಕುಸಿತ ಮಾತ್ರ ಮೊದಲು ನಿಧಾನ, ಆಮೇಲೆ ಜೋರು. 60 ಡಿಗ್ರಿಯಲ್ಲಿ ಕುಸಿತ ಶೇ 13, 120ರಲ್ಲಿ ಶೇ 50. ಅಂದರೆ ಅರ್ಧದಾರಿಯಲ್ಲಿ ಅರ್ಧ ತಿದ್ದುಪಡಿ ಬಂದುಬಿಟ್ಟರೆ ಮೊಣಕೈ ಬೇಕಾದ್ದಕ್ಕಿಂತ ಉಬ್ಬುತ್ತದೆ. ಆಮೇಲೆ ವೇಟ್ ತಿದ್ದಿದರಂತೂ ಕೆತ್ತಿದ್ದೆಲ್ಲ ವ್ಯರ್ಥ. ಅರ್ಧ ತಿರುಗುವ ಮೂಳೆ ಎಲ್ಲ ಕೋನಗಳಲ್ಲೂ ತಾನಾಗಿ ಸರಿಯಾದ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ. ಅದಾದ ಮೇಲೆ ಉಳಿಯುವ ಸಣ್ಣ ಕೊರತೆಗೆ, ತೋಳಿನ ಸ್ನಾಯು ಉಬ್ಬುವುದಕ್ಕೆ, ಮಾಂಸ ಮಾಂಸಕ್ಕೆ ಒತ್ತಿ ಹೊರಚಾಚುವುದಕ್ಕೆ ಶೇಪ್ ಕೀ ಬೇಕು. `Corrective Smooth` ಮಾಡಿಫೈಯರ್‌ಗೂ ಇದೇ ಮಾತು: ಸುಕ್ಕನ್ನು ಅದು ಚೆನ್ನಾಗಿ ನಯಗೊಳಿಸುತ್ತದೆ, ಕಳೆದುಹೋದ ದಪ್ಪವನ್ನು ಮಾತ್ರ ಭರವಸೆಯಿಂದ ತಂದುಕೊಡುವುದಿಲ್ಲ.

ಒಂದು ಕೀಲಿಗೆ ಒಂದು ಮೂಳೆ ಹೆಚ್ಚಾದರೆ ಭಾರವಲ್ಲವೇ ಎಂಬುದು ಕೊನೆಯ ಆಕ್ಷೇಪ. ಎರಡು ಮೊಣಕೈ, ಎರಡು ಮಂಡಿ ಸೇರಿ ನಾಲ್ಕು ಮೂಳೆ. ಆಟದ ಎಂಜಿನ್‌ಗೆ ಕಳಿಸುವಾಗ ಕನ್‌ಸ್ಟ್ರೇಂಟ್ ದಾಟಿಹೋಗುವುದಿಲ್ಲ. ಅದರ ಚಲನೆಯನ್ನು ಅನಿಮೇಶನ್ ಜೊತೆ ಬೇಕ್ ಮಾಡಬೇಕು, ಅಥವಾ ಎಂಜಿನ್‌ನಲ್ಲೇ ಆ ಅರ್ಧದ ನಿಯಮವನ್ನು ಮತ್ತೆ ಬರೆಯಬೇಕು. ಒಂದು ವರ್ಟೆಕ್ಸ್‌ಗೆ ನಾಲ್ಕಕ್ಕಿಂತ ಹೆಚ್ಚು ಮೂಳೆಗಳ ಪಾಲು ಬಾರದಂತೆ `Limit Total` ನಡೆಸುವುದೂ ಒಳ್ಳೆಯದು. ಇದು ಖರ್ಚೇ ಹೌದು. ದೂರದಲ್ಲಿ ಕಾಣುವ ಗುಂಪಿನ ಪಾತ್ರಕ್ಕೆ ಈ ಖರ್ಚು ಮಾಡಬೇಕಿಲ್ಲ. ಆದರೆ ಮುಖ್ಯಪಾತ್ರದ ಮೊಣಕೈ ಪ್ರತಿ ದೃಶ್ಯದಲ್ಲೂ ಕುಸಿಯುವಾಗ, ಒಂದೊಂದು ದೃಶ್ಯಕ್ಕೂ ಕೈಯಾರೆ ತಿದ್ದುವ ಖರ್ಚಿನ ಎದುರು ಇದು ಅಗ್ಗ.

ಹಾಗಾಗಿ ಕುಸಿದ ಕೀಲಿನ ಮುಂದೆ ಕೂತಾಗ ಟೈಮ್‌ಲೈನಿನ 1ನೇ ಫ್ರೇಮಿಗೆ ನೇರ ಕೈ, 40ನೇ ಫ್ರೇಮಿಗೆ ಪಾತ್ರ ಮುಟ್ಟಬೇಕಾದ ಕೊನೆಯ ಮಡಿಕೆ ಇಟ್ಟು, ನಿಧಾನವಾಗಿ ಹಿಂದೆ ಮುಂದೆ ಎಳೆಯುತ್ತ ನೋಡಬೇಕು. ಮಡಿಸುವ ಮೊದಲ ಕೆಲವು ಡಿಗ್ರಿಗಳಲ್ಲೇ ಚರ್ಮ ಕದಲಿ ಓಡಿದರೆ, ಒಂದೆರಡು ವರ್ಟೆಕ್ಸ್ ಮಾತ್ರ ಮುಳ್ಳಿನಂತೆ ಚಾಚಿಕೊಂಡರೆ, ತೋಳಿನ ಮಧ್ಯದವರೆಗೂ ಬಾಗಿದರೆ ದೋಷ ಬಣ್ಣದ್ದು. ಬ್ರಷ್ ಹಿಡಿಯಿರಿ, ಅದು ಸರಿಹೋಗುತ್ತದೆ. ಮೊದಲರ್ಧ ಚೆನ್ನಾಗಿದ್ದು, 90 ಡಿಗ್ರಿ ದಾಟಿದ ಮೇಲೆ ಇಡೀ ಹೊರಬದಿ ನಯವಾಗಿಯೇ ಒಳಗೆ ಇಳಿಯತೊಡಗಿದರೆ ಬಣ್ಣವನ್ನು ಬೈಯಬೇಡಿ. ಅದು ತನ್ನ ಕೆಲಸ ಮುಗಿಸಿದೆ. ಅಲ್ಲಿ ಬೇಕಿರುವುದು 12 ಮತ್ತು 4ರ ನಡುವೆ ಇನ್ನೊಂದು ಮುಳ್ಳು.